ಅವರು ನಿಮಗೆ ಏನಾಗಬೇಕು?

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಮ್ಮನ ಮನೆಗೆ ಒಂದು ವರ್ಷ ಕೊನೆಕೊಯ್ಲಿನ ಹೊತ್ತಿಗೆ ಅವರ ಬಾಲ್ಯದ ಗೆಳತಿ ಬಂದರು. ದೊಡ್ಡಮ್ಮನ ಹಾಗೆ ಅವರೂ ಗಂಡನನ್ನು ಕಳೆದುಕೊಂಡಿದ್ದರು. ಕೊಯ್ಲು ಮುಗಿಯುವವರೆಗೆ ಅಂತ ಬಂದವರು ಇಪ್ಪತ್ತೆರಡು ವರ್ಷ ಅಲ್ಲೇ ಇದ್ದರು. ರಾತ್ರಿ ಜಗುಲಿಯಲ್ಲಿ ಅಡಿಕೆ ಸುಲಿಯುವಾಗ ಇಬ್ಬರ ಮೆಟ್ಟುಗತ್ತಿಗಳೂ ಅಕ್ಕಪಕ್ಕ ಇರುತ್ತಿದ್ದವು. ನಡುವೆ ದೊಡ್ಡಮ್ಮ ಎದ್ದು ಕೈ ತೊಳೆದು ಬಂದು, ವೀಳ್ಯದೆಲೆಗೆ ಸುಣ್ಣ ಹಚ್ಚಿ ಮಡಚಿ, ಗೆಳತಿಯ ಬಾಯಿಗೇ ಇಡುತ್ತಿದ್ದರು. ಸಿಪ್ಪೆಯ ಕರೆ ಹತ್ತಿದ ಕೈಯಲ್ಲಿ ಎಲೆ ಮುಟ್ಟಿದರೆ ಕಹಿಯಾಗುತ್ತದೆ ಅಂತ. ಹೊಸಬರು ಯಾರಾದರೂ ಬಂದರೆ ಕೇಳುವ ಪ್ರಶ್ನೆ ಒಂದೇ: "ಅವರು ನಿಮಗೇನಾಗ್ಬೇಕು?" ದೊಡ್ಡಮ್ಮನ ಉತ್ತರವೂ ಒಂದೇ: "ಏನೂ ಆಗ್ಬೇಕಾಗಿಲ್ಲ. ಜೊತೆಗಿದಾಳೆ."

ಆ ಉತ್ತರದಲ್ಲಿ ಎಷ್ಟು ಅಡಗಿತ್ತು ಅನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ, ಶಿವಮೊಗ್ಗದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದು ಕೂತ ದಿನ. ನಾನು ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಅವಳಿಗೆ ಇಪ್ಪತ್ತಾರು ವರ್ಷ, ಊರು ಹೊಸನಗರದ ಕಡೆ, ಮನೆಯಲ್ಲಿ ಗಂಡು ನೋಡುತ್ತಿದ್ದರು. ಕಾಲೇಜಿನಲ್ಲಿ ಅವಳು ಒಬ್ಬ ಹುಡುಗನನ್ನು ಎರಡು ವರ್ಷ ಪ್ರೀತಿಸಿದ್ದಳು. "ಅವ್ನ ಫೋನ್ ಬಂದ್ರೆ ಕೈ ನಡುಗ್ತಿತ್ತು ಮೇಡಂ. ರಾತ್ರಿಯೆಲ್ಲ ಅವ್ನದೇ ಯೋಚ್ನೆ. ಆದ್ರೆ ಅವ್ನು ಹತ್ರ ಬಂದು ಮುಟ್ಟಿದ್ರೆ ನಂಗೆ ಏನೂ ಅನ್ನಿಸ್ತಿರ್ಲಿಲ್ಲ. ಅಸಹ್ಯ ಅಂತಲ್ಲ. ಬೇಕು ಅಂತ್ಲೇ ಅನ್ನಿಸ್ತಿರ್ಲಿಲ್ಲ." 'ನಿನಗೆ ನನ್ನ ಮೇಲೆ ಪ್ರೀತಿಯೇ ಇಲ್ಲ' ಎಂದು ಆ ಹುಡುಗ ಬಿಟ್ಟುಹೋದ. ಇವಳೂ ಅದನ್ನೇ ನಂಬಿದಳು. ಆಮೇಲೆ ವೈದ್ಯರಲ್ಲಿಗೆ ಹೋಗಿ ಥೈರಾಯ್ಡ್, ಹಾರ್ಮೋನು ಎಲ್ಲ ಪರೀಕ್ಷೆ ಮಾಡಿಸಿದಳು. ಎಲ್ಲವೂ ಸರಿಯಾಗಿತ್ತು. "ಹಂಗಾದ್ರೆ ನಂದು ಪ್ರೀತಿ ಅಲ್ವಾ ಮೇಡಂ?" ಎಂದು ಕೇಳಿದಳು.

ಪ್ರೀತಿಯೇ. ಅದನ್ನು ಧೈರ್ಯವಾಗಿ ಹೇಳಲು ವಿಜ್ಞಾನದಲ್ಲಿ ಆಧಾರವಿದೆ.

ಒಬ್ಬರ ಕಡೆಗೆ ನಮ್ಮನ್ನು ಸೆಳೆಯುವುದು ಒಂದೇ ಶಕ್ತಿ, ಸ್ನೇಹದಲ್ಲಿ ಅದು ಕಡಿಮೆ, ಪ್ರೇಮದಲ್ಲಿ ಹೆಚ್ಚು, ಕಾಮದಲ್ಲಿ ಇನ್ನೂ ಹೆಚ್ಚು ಎಂಬ ತಿಳಿವಳಿಕೆ ನಮ್ಮಲ್ಲಿದೆ. ಏಣಿಯ ಮೆಟ್ಟಿಲುಗಳ ಹಾಗೆ. ಹಾಗಲ್ಲ ಎನ್ನುವುದು ಗೊತ್ತಾಗುವುದು ಪ್ರತಿಯೊಂದು ಸೆಳೆತವೂ ಏನನ್ನು ಬೇಡುತ್ತದೆ ಎಂದು ನೋಡಿದಾಗ. ಲೈಂಗಿಕ ಆಕರ್ಷಣೆ ಬೇಡುವುದು ಆ ವ್ಯಕ್ತಿಯ ಮೈಯ ಸಂಗವನ್ನು. ಪ್ರೇಮದ ಸೆಳೆತ ಬೇಡುವುದು ಆ ವ್ಯಕ್ತಿಯ ಮನಸ್ಸಿನಲ್ಲಿ ಬೇರೆ ಯಾರಿಗೂ ಇಲ್ಲದ ಜಾಗವನ್ನು. ಅದಕ್ಕೇ ಒಂದು ಮೆಸೇಜಿಗೆ ಉತ್ತರ ತಡವಾದರೆ ಊಟ ಸೇರುವುದಿಲ್ಲ. ಸ್ನೇಹದ ಸೆಳೆತ ಒಡನಾಟವನ್ನು ಬೇಡುತ್ತದೆ, ಅವರಿಗೆ ಇನ್ನೂ ನಾಲ್ವರು ಗೆಳೆಯರಿದ್ದರೆ ಸಂಕಟಪಡುವುದಿಲ್ಲ. ಬಹಳ ಜನರಲ್ಲಿ ಇವು ಒಟ್ಟಿಗೇ ಬರುತ್ತವೆ. ಒಟ್ಟಿಗೆ ಬರುವುದನ್ನೇ ನೋಡಿ ನೋಡಿ ಒಂದೇ ಎಂದುಕೊಂಡಿದ್ದೇವೆ.

ಡೊರೊಥಿ ಟೆನೊವ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ನೂರಾರು ಜನರನ್ನು ಪ್ರೇಮದ ಬಗ್ಗೆ ಕೂಲಂಕಷವಾಗಿ ಕೇಳಿ 1979ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನಸ್ಸು ಹಿಡಿತಕ್ಕೆ ಸಿಗದೆ ಒಬ್ಬರನ್ನೇ ಸುತ್ತುವ ಆ ಸ್ಥಿತಿಗೆ 'ಲಿಮರೆನ್ಸ್' ಎಂದು ಹೆಸರಿಟ್ಟವರು ಅವರೇ. 'ಲೈಂಗಿಕ ಬಯಕೆಯೇ ಇಲ್ಲದೆ ನಾನು ಪ್ರೇಮಿಸಿದ್ದುಂಟು' ಎಂಬ ಮಾತನ್ನು ಅವರು ಕೇಳಿದ ಹೆಂಗಸರಲ್ಲಿ ನೂರಕ್ಕೆ 61 ಮಂದಿ, ಗಂಡಸರಲ್ಲಿ 35 ಮಂದಿ ಒಪ್ಪಿದ್ದರು. ಅದು ಎಲ್ಲ ಮನುಷ್ಯರನ್ನು ಪ್ರತಿನಿಧಿಸುವ ಸಮೀಕ್ಷೆಯಲ್ಲ, ಲೆಕ್ಕವನ್ನು ಕರಾರುವಾಕ್ಕೆಂದು ಹಿಡಿಯಬಾರದು. ಆದರೆ ನನ್ನ ವಿದ್ಯಾರ್ಥಿನಿ ಒಂಟಿಯಲ್ಲ ಎಂದು ತೋರಿಸಲು ಅಷ್ಟು ಸಾಕು.

ಇದು ಹೇಗೆ ಸಾಧ್ಯ? ಲೀಸಾ ಡೈಮಂಡ್ ಎಂಬ ಸಂಶೋಧಕಿ 2003ರಲ್ಲಿ ಕೊಟ್ಟ ವಿವರಣೆ ನನಗೆ ಎಲ್ಲಕ್ಕಿಂತ ಒಪ್ಪಿಗೆಯಾದದ್ದು. ಕಾಮ ಸಂತಾನೋತ್ಪತ್ತಿಗಾಗಿ ಬೆಳೆದುಬಂದ ವ್ಯವಸ್ಥೆ. ಪ್ರೇಮದ ಬೇರು ಅಲ್ಲಿಲ್ಲ, ತಾಯಿ ಮಗುವಿನ ನಡುವಿನ ಅಂಟಿನಲ್ಲಿದೆ. ಹಸುಗೂಸನ್ನು ಸಾಕುವವರ ಮಡಿಲಿಗೆ ಕಟ್ಟಿಹಾಕಲು ಬೆಳೆದ ಬಾಂಧವ್ಯದ ವ್ಯವಸ್ಥೆಯೇ ಮುಂದೆ ದೊಡ್ಡವರನ್ನು ಒಬ್ಬರಿಗೊಬ್ಬರು ಕಟ್ಟಿಹಾಕಲು ಒದಗಿತು. ಕೂಸು ತನ್ನನ್ನು ಎತ್ತಿಕೊಂಡವರು ಗಂಡೋ ಹೆಣ್ಣೋ ಎಂದು ನೋಡುವುದಿಲ್ಲ. ಹಾಗಾಗಿ ಬಾಂಧವ್ಯದ ವ್ಯವಸ್ಥೆಗೆ ಲೈಂಗಿಕತೆಯ ಗೊಡವೆಯೇ ಹುಟ್ಟಿನಿಂದ ಇಲ್ಲ. ಅದಕ್ಕೆ ಬೇಕಾದದ್ದು ಜೊತೆ ಕಳೆದ ಕಾಲ, ಸಾಮೀಪ್ಯ, ಸ್ಪರ್ಶ. ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಮೂರು ವರ್ಷ ಇದ್ದು, ತಲೆ ಬಾಚಿ, ಜ್ವರ ಬಂದಾಗ ಗಂಜಿ ಕುಡಿಸಿದ ಇಬ್ಬರ ನಡುವೆ ಮದುವೆಯಾದವರ ನಡುವಿನಷ್ಟೇ ಗಟ್ಟಿ ಬಾಂಧವ್ಯ ಬೆಳೆಯಬಹುದು. ಇಲ್ಲಿ ಇನ್ನೊಂದು ಮಾತೂ ಇದೆ. ಎರಡು ವ್ಯವಸ್ಥೆಗಳ ನಡುವೆ ದಾರಿಯಿದೆ, ಎರಡೂ ಕಡೆಯಿಂದ. ಕಾಮದಿಂದ ಶುರುವಾದದ್ದು ಬಾಂಧವ್ಯವಾಗಬಹುದು. ವರ್ಷಗಟ್ಟಲೆಯ ಬಾಂಧವ್ಯದಿಂದ, ಅಲ್ಲಿಯವರೆಗೆ ಇಲ್ಲದ ಬಯಕೆ ಹುಟ್ಟಲೂಬಹುದು. ದಾರಿಯಿದೆ ಎಂದಮಾತ್ರಕ್ಕೆ ಎಲ್ಲರೂ ಅದರಲ್ಲಿ ನಡೆದೇ ತೀರುತ್ತಾರೆ ಎಂದಲ್ಲ.

ಪ್ರಾಣಿಗಳಲ್ಲಿ ಇದನ್ನು ಕಂಡವರಿದ್ದಾರೆ. ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ಇಲಿಯನ್ನು ಹೋಲುವ ಪ್ರೇರಿ ವೋಲ್ ಎಂಬ ಪುಟ್ಟ ಪ್ರಾಣಿಯಿದೆ. ಒಮ್ಮೆ ಜೋಡಿಯಾದರೆ ಬಹುತೇಕ ಜೋಡಿಯಾಗಿಯೇ ಬಾಳುತ್ತದೆ. ಸಂಗಾತಿಯ ಜೊತೆ ಮಾತ್ರವಲ್ಲ, ತನ್ನದೇ ಲಿಂಗದ ಗೆಳತಿಯ ಜೊತೆಗೂ ಒತ್ತಿಕೊಂಡು ಮಲಗುತ್ತದೆ. ಪರೀಕ್ಷೆ ಸರಳ: ಒಂದು ಪೆಟ್ಟಿಗೆಯ ಒಂದು ತುದಿಯಲ್ಲಿ ಪರಿಚಿತ ಪ್ರಾಣಿ, ಇನ್ನೊಂದು ತುದಿಯಲ್ಲಿ ಅಪರಿಚಿತ. ನಡುವೆ ಬಿಟ್ಟ ವೋಲ್ ಯಾರನ್ನು ಒತ್ತಿಕೊಂಡು ಎಷ್ಟು ಹೊತ್ತು ಕೂರುತ್ತದೆ ಎಂದು ಅಳೆಯುತ್ತಾರೆ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕೆಲಸ ಮಾಡದಂತೆ ತಡೆಯುವ ಔಷಧ ಕೊಟ್ಟರೆ ಸಂಗಾತಿಯ ಮೇಲಿನ ಒಲವು ಮೂಡುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ಅನಲೀಸ್ ಬೀರಿ ಎಂಬ ಸಂಶೋಧಕಿಯ ತಂಡ ಅದೇ ಪ್ರಯೋಗವನ್ನು ಗೆಳತಿಯರ ಮೇಲೆ ಮಾಡಿತು. ಗೆಳತಿಯ ಮೇಲಿನ ಒಲವು ಆ ಔಷಧಕ್ಕೆ ಜಗ್ಗಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಒತ್ತಿಕೊಂಡು ಮಲಗುವುದು. ಒಳಗಿನ ಯಂತ್ರ ಬೇರೆ. ಸ್ನೇಹ ಎಂದರೆ ಕಡಿಮೆ ಪ್ರಮಾಣದ ಪ್ರೇಮ ಎನ್ನುವವರಿಗೆ ನಾನು ತರಗತಿಯಲ್ಲಿ ಈ ಪ್ರಯೋಗವನ್ನೇ ಹೇಳುತ್ತೇನೆ.

ಮನುಷ್ಯ ವೋಲ್ ಅಲ್ಲ, ನಿಜ. ಹಾಗೆಯೇ 'ಆಕ್ಸಿಟೋಸಿನ್ ಪ್ರೀತಿಯ ಹಾರ್ಮೋನು' ಎಂಬ ಮಾತನ್ನೂ ಪೂರ್ತಿ ನಂಬಬಾರದು. ಅದರ ಸಂದೇಶವನ್ನು ಹಿಡಿಯುವ ಗ್ರಾಹಕವೇ ಇಲ್ಲದಂತೆ ಜೀನ್ ತಿದ್ದಿದ ವೋಲ್‌ಗಳೂ ಜೋಡಿಯಾದವು ಎಂದು 2023ರಲ್ಲಿ ವರದಿಯಾಯಿತು. ಮನುಷ್ಯರ ಮಿದುಳಿನ ಚಿತ್ರಗಳಿಗೂ ಮಿತಿಯಿದೆ. 2005ರಲ್ಲಿ ಹೆಲೆನ್ ಫಿಶರ್ ಮತ್ತು ಸಂಗಡಿಗರು ಹೊಸದಾಗಿ ಪ್ರೇಮದಲ್ಲಿ ಬಿದ್ದ 17 ಜನರಿಗೆ ಪ್ರಿಯರ ಫೋಟೋ ತೋರಿಸಿ ಸ್ಕ್ಯಾನ್ ಮಾಡಿದಾಗ, ಡೋಪಮೈನ್ ತಯಾರಾಗುವ ಮಿದುಳಿನ ಆಳದ ಭಾಗ ಚುರುಕಾಯಿತು. ಬಾಯಾರಿದವರನ್ನು ನೀರಿನ ಕಡೆ ಓಡಿಸುವುದೂ ಇದೇ ಜಾಲ. ಆದರೆ ಯಾರನ್ನೋ ಸ್ಕ್ಯಾನ್ ಮಾಡಿ 'ನಿನ್ನದು ಪ್ರೇಮ, ನಿನ್ನದು ಬರೀ ಸ್ನೇಹ' ಎಂದು ಹೇಳಬಲ್ಲ ಯಂತ್ರ ಇಲ್ಲ. ಅವರವರನ್ನೇ ಕೇಳಬೇಕು.

ನಾನೂ ಅವಳನ್ನೇ ಕೇಳಿದೆ. ಬಾಂಧವ್ಯದ ಬಗ್ಗೆ ಕೆಲಸ ಮಾಡಿದವರು ಬಳಸುವ ನಾಲ್ಕು ಪ್ರಶ್ನೆಗಳಿವೆ. ಯಾರ ಹತ್ತಿರ ಇರಬೇಕೆನಿಸುತ್ತದೆ? ಯಾರು ದೂರ ಹೋದರೆ ಸಂಕಟ? ಕೆಟ್ಟ ಸುದ್ದಿ ಬಂದಾಗ ಮೊದಲು ಯಾರ ಬಳಿ ಓಡುತ್ತೀ? ಯಾರಿದ್ದಾರೆ ಎಂಬ ಧೈರ್ಯದಿಂದ ಹೊಸ ಕೆಲಸಕ್ಕೆ ಕೈಹಾಕುತ್ತೀ? ಮೊದಲ ಎರಡಕ್ಕೆ, ಆ ದಿನಗಳಲ್ಲಿ ಅಂತ ಹೇಳಿ, ಅವಳು ಆ ಹುಡುಗನ ಹೆಸರು ಹೇಳಿದಳು. ಮೂರನೆಯದಕ್ಕೆ ತುಸು ತಡೆದಳು. "ಅಪ್ಪಂಗೆ ಹಾರ್ಟ್ ಅಟ್ಯಾಕ್ ಆದಾಗ ಫೋನ್ ಮಾಡಿದ್ದು ಅವ್ನಿಗಲ್ಲ" ಎಂದಳು. ಮಾಡಿದ್ದು ಹಾಸ್ಟೆಲಿನ ಗೆಳತಿಗೆ. ನಾಲ್ಕನೆಯದಕ್ಕೂ ಅದೇ ಹೆಸರು. ಗೆಳತಿಯ ಮೇಲೆ ಕೈ ನಡುಗುವಂಥ ಪ್ರೇಮ ಎಂದೂ ಇರಲಿಲ್ಲ, ಬಯಕೆಯೂ ಇರಲಿಲ್ಲ ಎಂದು ಅವಳಿಗೆ ಖಚಿತವಿತ್ತು. ಬಾಂಧವ್ಯ ಬಲಿಯುವಾಗ ಸಾಮೀಪ್ಯದ ಆಸೆ ಮೊದಲು ಬರುತ್ತದೆ, ಇವರಿದ್ದಾರೆ ಎಂಬ ಧೈರ್ಯ ಕೊನೆಗೆ. ಪೂರ್ತಿ ಬಲಿಯಲು ಸುಮಾರು ಎರಡು ವರ್ಷ ಹಿಡಿಯುತ್ತದೆ. ಅವಳ ಪ್ರೇಮ ಆ ಕೊನೆಯ ಹಂತವನ್ನು ಮುಟ್ಟಿರಲಿಲ್ಲ, ಸ್ನೇಹ ಮುಟ್ಟಿತ್ತು.

ವೈದ್ಯರ ವಿಷಯವನ್ನೂ ಬಿಡಿಸಿ ನೋಡಿದೆವು. ಮೊದಲಿದ್ದ ಬಯಕೆ ಹೋಯಿತು ಎನ್ನುವುದಾದರೆ ಪರೀಕ್ಷೆ ಮಾಡಿಸಲೇಬೇಕು. ಥೈರಾಯ್ಡ್, ಖಿನ್ನತೆ, ಖಿನ್ನತೆಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳು ಹಾಗೆ ಮಾಡುತ್ತವೆ. ಯಾರ ಮೇಲೂ ಎಂದೂ ಮೂಡಿಲ್ಲ, ಅದರಿಂದ ತನಗೇನೂ ನೋವಿಲ್ಲ ಎನ್ನುವುದಾದರೆ ಅದು ಬೇರೆ ಮಾತು. ಬ್ರಿಟನ್ನಿನ 18 ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆಯೊಂದನ್ನು ಆಂಥೊನಿ ಬೊಗಾರ್ಟ್ ಎಂಬ ಸಂಶೋಧಕ 2004ರಲ್ಲಿ ವಿಶ್ಲೇಷಿಸಿದಾಗ, ನೂರಕ್ಕೆ ಸುಮಾರು ಒಬ್ಬರು 'ಯಾರ ಮೇಲೂ ಎಂದೂ ಲೈಂಗಿಕ ಆಕರ್ಷಣೆ ಆಗಿಲ್ಲ' ಎಂದಿದ್ದರು. ಇವರನ್ನು ಏಸೆಕ್ಷುವಲ್ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ 2013ರ ಕೈಪಿಡಿ, ಹಾಗೆ ತನ್ನನ್ನು ಗುರುತಿಸಿಕೊಳ್ಳುವವರಿಗೆ ಬಯಕೆಯ ಕೊರತೆಯ ಕಾಯಿಲೆ ಎಂದು ಬರೆಯಕೂಡದು ಎಂದೇ ಹೇಳುತ್ತದೆ. ಅವರಲ್ಲೂ ಹಲವರು ಗಾಢವಾಗಿ ಪ್ರೇಮಿಸುತ್ತಾರೆ. ಇದಕ್ಕೆ ತಿರುಗುಮುರುಗಾಗಿ, ಬಯಕೆಯಿದ್ದೂ ಪ್ರೇಮದ ಸೆಳೆತ ಎಂದೂ ಮೂಡದವರೂ ಇದ್ದಾರೆ. ಪ್ರೇಮದ ಸೆಳೆತ ಮೂಡದವರನ್ನು ಏರೊಮ್ಯಾಂಟಿಕ್ ಎನ್ನುತ್ತಾರೆ. ಅವರನ್ನು ಕಲ್ಲು ಮನಸ್ಸಿನವರು ಎಂದು ಹಳಿಯುವುದು ಅನ್ಯಾಯ. ಅಂಥವರೇ ಹಲವರು ಗೆಳೆಯರಿಗಾಗಿ ಜೀವ ಬಿಡುತ್ತಾರೆ. ಬಾಂಧವ್ಯ ಬೆಳೆದ ಮೇಲಷ್ಟೇ ಬಯಕೆ ಮೂಡುವವರೂ ಇದ್ದಾರೆ. ನೋಡಿ ಒಪ್ಪಿ ಮದುವೆಯಾದ ಎಷ್ಟೋ ದಂಪತಿಗಳ ಮೊದಲ ವರ್ಷದ ಮೌನಕ್ಕೆ ಇದೂ ಒಂದು ಕಾರಣವಿದ್ದೀತು ಎಂದು ನನಗೆ ಅನ್ನಿಸುತ್ತದೆ.

ಅವಳು ಏನು ಮಾಡಬೇಕೆಂದು ನಾನು ಹೇಳಲಿಲ್ಲ. ನೋಡಲು ಬಂದ ಎರಡನೆಯ ಹುಡುಗನಿಗೆ ಅವಳೇ ಎಲ್ಲವನ್ನೂ ಬಿಡಿಸಿ ಹೇಳಿದಳಂತೆ. ಅವನು ಮರ್ಯಾದೆಯಿಂದ ಕೇಳಿ, ತನಗೆ ಆಗುವುದಿಲ್ಲ ಎಂದು ಹೇಳಿ ಹೋದನಂತೆ. ಈಗ ಅವಳೂ ಗೆಳತಿಯೂ ವಿನೋಬನಗರದಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದಾರೆ. ಕಳೆದ ಮಳೆಗಾಲದಲ್ಲಿ ಗೆಳತಿಗೆ ಡೆಂಗಿಯಾಗಿ ಆಸ್ಪತ್ರೆಗೆ ಸೇರಿಸುವಾಗ, ಕೌಂಟರಿನಲ್ಲಿ ಕೂತಿದ್ದ ಹುಡುಗಿ ಫಾರಂ ಮೇಲೆ ಪೆನ್ನಿಟ್ಟು ಕೇಳಿದಳು: "ಪೇಷೆಂಟ್ ನಿಮ್ಗೇನಾಗ್ಬೇಕು ಮೇಡಂ?" ಇವಳು ಸ್ವಲ್ಪ ಹೊತ್ತು ನಿಂತಳಂತೆ. ಆಮೇಲೆ "ಒಟ್ಟಿಗಿದೀವಿ ಅಂತ ಬರ್ಕೊಳ್ಳಿ" ಎಂದಳು. ಅಂಥ ಕಾಲಂ ಫಾರಂನಲ್ಲಿ ಇರಲಿಲ್ಲ. ಆ ಹುಡುಗಿ ಅಂಚಿನಲ್ಲಿ ಪುಟ್ಟದಾಗಿ ಬರೆದುಕೊಂಡು, ಅದರ ಪಕ್ಕ ಇವಳ ಫೋನ್ ನಂಬರ್ ಹಾಕಿದಳು.