21ನೇ ದಿನದ ರಿಪೋರ್ಟು, 35 ದಿನದ ಮುಟ್ಟು

ಕಳೆದ ತಿಂಗಳು ಸಿದ್ದಾಪುರ ಕಡೆಯ ಒಬ್ಬಳು ಕಣ್ಣು ಒರೆಸಿಕೊಳ್ಳುತ್ತಾ ಬಂದು ರಿಪೋರ್ಟನ್ನು ನನ್ನ ಮುಂದಿಟ್ಟಳು. ಮಕ್ಕಳಾಗಿಲ್ಲವೆಂದು, ಮುಟ್ಟಾಗಿ 21ನೇ ದಿನಕ್ಕೆ ರಕ್ತದಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ನೋಡಿಸಲು ಯಾರೋ ಹೇಳಿದ್ದರು. ಬಂದದ್ದು ಮಿಲಿಲೀಟರಿಗೆ 0.6 ನ್ಯಾನೋಗ್ರಾಂ. "ಅಂಡ ಬಿಡುಗಡೆನೇ ಆಗ್ತಿಲ್ವಂತೆ ಡಾಕ್ಟ್ರೇ" ಎಂದಳು. ನಾನು ಕೇಳಿದ್ದು ಒಂದೇ ಪ್ರಶ್ನೆ. ನಿಂಗೆ ಮುಟ್ಟು ಎಷ್ಟು ದಿನಕ್ಕೊಮ್ಮೆ? "ಮೂವತ್ತೈದು. ಯಾವಾಗ್ಲೂ ಹಾಗೇ."

ಅಲ್ಲಿಗೆ ನನಗೆ ಅರ್ಧ ವಿಷಯ ತಿಳಿಯಿತು. ಅದೇ ವಾರ ಶಿರಸಿಯ ಮನೆಯಲ್ಲಿ ತಂಗಿಯ ಮಗಳು ಜೀವಶಾಸ್ತ್ರದ ನೋಟ್‌ಬುಕ್ ತೋರಿಸಿದಳು. ನಾಲ್ಕು ಹಾರ್ಮೋನಿಗೆ ನಾಲ್ಕು ಬಣ್ಣದ ಗೆರೆ, ನಡುವೆ ದೊಡ್ಡದಾಗಿ '14ನೇ ದಿನ ಅಂಡೋತ್ಪತ್ತಿ'. ಎಲ್ಲರಿಗೂ 14ನೇ ದಿನವಾ ಎಂದೆ. "ಹೌದು ದೊಡ್ಡಮ್ಮ, ಪುಸ್ತಕದಲ್ಲಿ ಹಾಗೇ ಇದೆ" ಎಂದಳು. ಪುಸ್ತಕ 28 ದಿನದ ಚಕ್ರದ ಕತೆ ಹೇಳುತ್ತದೆ. ಅದನ್ನು ಯಾರೂ ಓದುವುದಿಲ್ಲ, 14 ಮಾತ್ರ ಬಾಯಿಪಾಠ!

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ರಕ್ತ ಕಾಣಿಸಿದ ದಿನ ಒಂದನೇ ದಿನ. ಆಗ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡೂ ಹಾರ್ಮೋನು ತಳದಲ್ಲಿರುತ್ತವೆ. ತಡೆಯುವವರಿಲ್ಲದ್ದರಿಂದ ಮೆದುಳಿನಡಿಯ ಪಿಟ್ಯುಟರಿ ಗ್ರಂಥಿ ತನ್ನ ಹಾರ್ಮೋನಾದ ಎಫ್‌ಎಸ್‌ಎಚ್ ಅನ್ನು ಸ್ವಲ್ಪ ಏರಿಸುತ್ತದೆ. ಅಂಡಾಶಯದಲ್ಲಿ ಹಲವು ಫಾಲಿಕಲ್‌ಗಳು, ಅಂದರೆ ಅಂಡವಿರುವ ಸಣ್ಣ ಚೀಲಗಳು, ಬೆಳೆಯತೊಡಗುತ್ತವೆ. ಬೆಳೆದಂತೆ ಅವು ಈಸ್ಟ್ರೋಜನ್ ಸುರಿಸುತ್ತವೆ. ಆ ಈಸ್ಟ್ರೋಜನ್ ಪಿಟ್ಯುಟರಿಗೆ 'ಸಾಕು' ಅನ್ನುತ್ತದೆ, ಎಫ್‌ಎಸ್‌ಎಚ್ ಇಳಿಯುತ್ತದೆ. ಬೇಸಿಗೆಯಲ್ಲಿ ತೋಟಕ್ಕೆ ನೀರು ಕಡಿಮೆಯಾದರೆ ಬೇರು ಗಟ್ಟಿಯಿರುವ ಅಡಿಕೆ ಮರ ತಡೆದುಕೊಳ್ಳುತ್ತದೆ, ಎಳೆ ಸಸಿ ಬಾಡುತ್ತದೆ, ಅಲ್ವಾ? ಇಲ್ಲೂ ಹಾಗೇ. ಕಡಿಮೆ ಎಫ್‌ಎಸ್‌ಎಚ್‌ನಲ್ಲೂ ಬದುಕಬಲ್ಲ ಒಂದು ಫಾಲಿಕಲ್ ಉಳಿಯುತ್ತದೆ, ಉಳಿದವು ಒಣಗುತ್ತವೆ.

ಆ ಒಂದೇ ಫಾಲಿಕಲ್ ಸುಮಾರು 20 ಮಿಲಿಮೀಟರ್ ತನಕ ಬೆಳೆಯುತ್ತದೆ. ಈಸ್ಟ್ರೋಜನ್ ಏರುತ್ತಲೇ ಇರುತ್ತದೆ. ಅದು ಮಿಲಿಲೀಟರಿಗೆ ಸುಮಾರು 200 ಪಿಕೋಗ್ರಾಂ ದಾಟಿ ಎರಡು ದಿನ ಅಲ್ಲೇ ನಿಂತರೆ ಮಾತು ತಿರುವುಮುರುವು. ಇಲ್ಲಿಯತನಕ 'ಸಾಕು' ಎಂದ ಈಸ್ಟ್ರೋಜನ್ನೇ ಈಗ 'ಬಿಡು' ಅನ್ನುತ್ತದೆ. ಎಲ್‌ಎಚ್ ಎಂಬ ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನು ಒಮ್ಮೆಲೇ ಮೇಲಕ್ಕೆ ಹಾರುತ್ತದೆ, ಜೊತೆಗೆ ಎಫ್‌ಎಸ್‌ಎಚ್‌ನದ್ದೂ ಒಂದು ಸಣ್ಣ ನೆಗೆತ. ಎಲ್‌ಎಚ್ ಏರಲು ಶುರುವಾಗಿ ಸುಮಾರು 36 ಗಂಟೆಗೆ ಫಾಲಿಕಲ್ ಒಡೆದು ಅಂಡ ಹೊರಬರುತ್ತದೆ. ಗಮನಿಸಿ, ಎಲ್‌ಎಚ್ ಕ್ಯಾಲೆಂಡರ್ ನೋಡಿ ಏರಿದ್ದಲ್ಲ. ಫಾಲಿಕಲ್ ತಯಾರಾದಾಗ ಏರಿದ್ದು. ಕೆಲವರಿಗೆ ಅದು 11ನೇ ದಿನ, ಕೆಲವರಿಗೆ 21ನೇ ದಿನ.

ಒಡೆದ ಫಾಲಿಕಲ್ ಸುಮ್ನೆ ಕೂರುವುದಿಲ್ಲ. ಹಳದಿ ಬಣ್ಣದ ಕಾರ್ಪಸ್ ಲೂಟಿಯಂ ಆಗಿ ಪ್ರೊಜೆಸ್ಟರಾನ್ ಸುರಿಸುತ್ತದೆ, ಈಸ್ಟ್ರೋಜನ್ನನ್ನೂ ಮತ್ತೊಮ್ಮೆ ಸ್ವಲ್ಪ ಏರಿಸುತ್ತದೆ. ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ಕೆಳಗೇ ಇರುತ್ತವೆ. ಅಂಡ ಬಿಟ್ಟು ಏಳು ದಿನಕ್ಕೆ ಪ್ರೊಜೆಸ್ಟರಾನ್ ತುದಿ ಮುಟ್ಟುತ್ತದೆ. ಗರ್ಭ ನಿಲ್ಲದಿದ್ದರೆ ಕಾರ್ಪಸ್ ಲೂಟಿಯಂ ಸುಮಾರು 14 ದಿನಕ್ಕೆ ಮುಗಿಯುತ್ತದೆ. ಎರಡೂ ಹಾರ್ಮೋನು ಕುಸಿಯುತ್ತವೆ, ಗರ್ಭಕೋಶದ ಒಳಪದರ ಕಳಚುತ್ತದೆ. ಅದೇ ಮುಟ್ಟು.

ಈಗ ಆ 14 ಎಲ್ಲಿ ಸೇರುತ್ತದೆ ನೋಡಿ. ಮುಟ್ಟಿನಿಂದ ಮುಂದಕ್ಕೆ ಎಣಿಸುವ 14 ಅಲ್ಲ ಅದು. ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸುವ 14. ಚಕ್ರದ ಮೊದಲ ಭಾಗ ಹಿಗ್ಗುತ್ತದೆ, ಕುಗ್ಗುತ್ತದೆ. ಎರಡನೆಯ ಭಾಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 28 ದಿನದವಳಿಗೆ ಎರಡೂ ಎಣಿಕೆ ಒಂದೇ ಆಗಿಬಿಡುತ್ತದೆ, ಗೊಂದಲಕ್ಕೆ ಅದೇ ಮೂಲ. 35 ದಿನದವಳಿಗೆ 35ರಲ್ಲಿ 14 ಕಳೆದರೆ 21. ಅಂದರೆ ನನ್ನ ರೋಗಿಯ ರಕ್ತ ತೆಗೆದದ್ದು ಅಂಡ ಬಿಡುವ ಹೊತ್ತಿಗೇ. ಪ್ರೊಜೆಸ್ಟರಾನ್ ಇನ್ನೂ ಎದ್ದೇ ಇರಲಿಲ್ಲ!

ಮುಂದಿನ ಚಕ್ರದಲ್ಲಿ 21ಕ್ಕೆ ಏಳು ಸೇರಿಸಿ 28ನೇ ದಿನ ನೋಡಿಸಿದೆ. 11 ಬಂತು. 3 ದಾಟಿದರೆ ಅಂಡ ಬಿಟ್ಟಿದೆ ಎಂದೇ ಸಾಮಾನ್ಯವಾಗಿ ಲೆಕ್ಕ. ಅವಳಿಗೆ ಮಕ್ಕಳಾಗದಿರುವುದಕ್ಕೆ ಬೇರೆ ಕಾರಣ ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ಇನ್ನು ನೋಡಬೇಕು. ಗಂಡನ ಪರೀಕ್ಷೆಯೂ ಆಗಬೇಕು ಎಂದಾಗ ಅತ್ತೆಯ ಮುಖ ಸಣ್ಣಗಾಯಿತು, ಅದು ಬೇರೆ ಕತೆ.

ಒಂದು ಎಚ್ಚರಿಕೆ. 14 ಎನ್ನುವುದೂ ಕಲ್ಲಿನ ಗೆರೆಯಲ್ಲ, 11ರಿಂದ 17ರವರೆಗೂ ಸರಿಯೇ. ಹೊಸದಾಗಿ ಮುಟ್ಟಾದ ಹುಡುಗಿಯರಿಗೆ ಮೊದಲ ಒಂದೆರಡು ವರ್ಷ ಈ 'ಬಿಡು' ಎನ್ನುವ ತಿರುವು ಪಳಗಿರುವುದಿಲ್ಲ. ಕೆಲವು ತಿಂಗಳು ಅಂಡವೇ ಬಿಡದೆ ರಕ್ತ ಹೋಗುತ್ತದೆ. ಅವರಿಗೆ ಈ ಲೆಕ್ಕ ನಡೆಯುವುದಿಲ್ಲ. ಇನ್ನು, ಹಿಂದಕ್ಕೆ ಎಣಿಸಬೇಕಾದರೆ ಮುಂದಿನ ಮುಟ್ಟು ಬರಲೇಬೇಕು. ಆದ್ದರಿಂದ ಇದನ್ನು ಗರ್ಭ ತಡೆಯುವ ಉಪಾಯ ಎಂದು ಯಾರೂ ನಂಬಬೇಡಿ.

ಹುಡುಗಿಗೆ 35 ದಿನದ ಚಿತ್ರ ಬರೆ ಎಂದೆ. ಎಲ್‌ಎಚ್ ಶಿಖರವನ್ನು ಸರಿಯಾಗಿ 20ರ ಹತ್ತಿರ ಸರಿಸಿದಳು. ಪ್ರೊಜೆಸ್ಟರಾನ್ ಗುಡ್ಡವನ್ನು ಮಾತ್ರ ಹಳೇ ಜಾಗದಲ್ಲೇ, 21ರಲ್ಲೇ ಬಿಟ್ಟಿದ್ದಳು. ರಬ್ಬರ್ ಕೊಟ್ಟೆ.