ಅನಿಮ್ಯಾಟಿಕ್‌ನಲ್ಲಿ ಒಂದೊಂದು ಚಿತ್ರ ಎಷ್ಟು ಹೊತ್ತು ಇರಬೇಕು?

ಓದುಗರ ಪ್ರಶ್ನೆ: ಮೂರು ನಿಮಿಷದ ಅನಿಮೇಷನ್ ಕಿರುಚಿತ್ರಕ್ಕೆ ಸ್ಟೋರಿಬೋರ್ಡ್ ಮುಗಿಸಿದ್ದೇನೆ. ಈಗ ಆ ಚಿತ್ರಗಳನ್ನು ದನಿಯ ಜೊತೆ ಸಾಲಾಗಿ ಓಡಿಸಿ ನೋಡುವ ಅನಿಮ್ಯಾಟಿಕ್ ಮಾಡಬೇಕು. ಒಂದೊಂದು ಚಿತ್ರವನ್ನು ಎಷ್ಟು ಸೆಕೆಂಡು ಇಡಬೇಕು ಅನ್ನೋದಕ್ಕೆ ಏನಾದರೂ ಲೆಕ್ಕ ಇದೆಯಾ? ದನಿ ಕೊಡುವವರು ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಡೈಲಾಗ್‌ಗಳನ್ನೆಲ್ಲ ನಾನೇ ಓದಿ ಹಾಕಿದರೆ ನಡೆಯುತ್ತಾ?

ಉತ್ತರ: ನೀವೇ ದನಿ ಕೊಟ್ಟರೆ ನಡೆಯುತ್ತದೆ. ಆದರೆ ಓದಬೇಡಿ, ಆಡಿ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರವೂ ಬಹುಮಟ್ಟಿಗೆ ಅಲ್ಲೇ ಇದೆ.

ಒಂದು ಚಿತ್ರಕ್ಕೆ ಇಂತಿಷ್ಟು ಸೆಕೆಂಡು ಅನ್ನುವ ಪಟ್ಟಿ ಯಾವುದೂ ಇಲ್ಲ. ಇದ್ದರೂ ಉಪಯೋಗಕ್ಕೆ ಬರುವುದಿಲ್ಲ. ಒಂದೇ ಮುಖದ ಚಿತ್ರ ಒಂದು ಕಡೆ ಅರ್ಧ ಸೆಕೆಂಡಿಗೇ ಸಾಕು ಅನ್ನಿಸುತ್ತದೆ, ಇನ್ನೊಂದು ಕಡೆ ಮೂರು ಸೆಕೆಂಡು ಇದ್ದರೂ ಸಾಲದು. ಅದನ್ನು ತೀರ್ಮಾನಿಸುವುದು ಆ ಚಿತ್ರದ ಮೇಲೆ ಕೇಳುವ ಮಾತು ಮತ್ತು ಆ ಮಾತಿನ ಹಿಂದೆ ಮುಂದೆ ಇರುವ ಮೌನ. ಹಾಗಾಗಿ ಕೆಲಸ ಶುರುವಾಗಬೇಕಾದ್ದು ಚಿತ್ರದಿಂದ ಅಲ್ಲ, ಸದ್ದಿನಿಂದ.

ಜಾಸ್ತಿ ಜನ ಮಾಡುವುದು ಇದರ ಉಲ್ಟಾ. ಎಡಿಟಿಂಗ್ ಸಾಫ್ಟ್‌ವೇರ್‌ಗೆ ಎಲ್ಲ ಚಿತ್ರಗಳನ್ನೂ ಒಟ್ಟಿಗೆ ಎಳೆದು ಹಾಕುತ್ತಾರೆ. ಅದು ಪ್ರತಿ ಚಿತ್ರಕ್ಕೂ ತನ್ನದೇ ಒಂದು ಅಳತೆ ಕೊಟ್ಟುಬಿಡುತ್ತದೆ, ಎಷ್ಟೋ ಕಡೆ ಅದು 5 ಸೆಕೆಂಡು. ಆಮೇಲೆ ಅಲ್ಲಿ ಇಲ್ಲಿ ಕತ್ತರಿಸಿ, ಮಾತನ್ನು ಆ ಸಂದಿಗಳಲ್ಲಿ ತುರುಕುತ್ತಾರೆ. ಹಾಗೆ ಮಾಡಿದ ಅನಿಮ್ಯಾಟಿಕ್ ಸ್ಲೈಡ್ ಶೋ ಥರ ಕಾಣುತ್ತದೆ. ಎಲ್ಲ ಚಿತ್ರವೂ ಹೆಚ್ಚುಕಡಿಮೆ ಒಂದೇ ಅಳತೆ, ತಾಳ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಮೊದಲು ಪ್ರಾಜೆಕ್ಟನ್ನು ಸೆಕೆಂಡಿಗೆ 24 ಫ್ರೇಮ್‌ಗೆ ಇಟ್ಟುಕೊಳ್ಳಿ. ಅರ್ಧ ದಾರಿಯಲ್ಲಿ ಇದನ್ನು ಬದಲಾಯಿಸಿದರೆ ಎಲ್ಲ ಲೆಕ್ಕವೂ ಜಾರುತ್ತದೆ. ಆಮೇಲೆ ದನಿ. ಫೋನ್ ಸಾಕು. ಬಟ್ಟೆ ತುಂಬಿದ ಚಿಕ್ಕ ಕೋಣೆಯಲ್ಲಿ ರೆಕಾರ್ಡ್ ಮಾಡಿದರೆ ದನಿ ಮೊಳಗುವುದಿಲ್ಲ. ಇಬ್ಬರು ಮಾತಾಡುವ ದೃಶ್ಯವಾದರೆ ಇನ್ನೊಬ್ಬರನ್ನು ಕರೆದು ಎದುರಿಗೆ ಕೂರಿಸಿಕೊಳ್ಳಿ. ಎರಡೂ ಪಾತ್ರಕ್ಕೆ ನೀವೇ ದನಿ ಕೊಟ್ಟರೆ, ನೋಡುವವರಿಗೆ ಯಾರು ಮಾತಾಡಿದ್ದು ಅನ್ನೋದೇ ಗೊಂದಲ ಆಗುತ್ತದೆ. ಅವರು "ಅರ್ಥ ಆಗಲಿಲ್ಲ" ಅಂದಾಗ ತಪ್ಪು ಟೈಮಿಂಗ್‌ನದೋ ದನಿಯದೋ ನಿಮಗೆ ತಿಳಿಯುವುದಿಲ್ಲ.

ಕಾಗದ ನೋಡಿ ಓದಬೇಡಿ ಅಂದದ್ದಕ್ಕೆ ಕಾರಣ ಇದೆ. ಓದುವಾಗ ಎಲ್ಲ ಮಾತೂ ಒಂದೇ ವೇಗದಲ್ಲಿ ಬರುತ್ತದೆ, ಅದೂ ಮಾಮೂಲಿಗಿಂತ ಬೇಗ. ನಿಜವಾಗಿ ಮಾತಾಡುವಾಗ ಮನುಷ್ಯ ತಡವರಿಸುತ್ತಾನೆ, ಉಸಿರು ಬಿಡುತ್ತಾನೆ, ಎದುರಿನವರ ಮಾತು ಮುಗಿಯುವ ಮುಂಚೆಯೇ ಬಾಯಿ ಹಾಕುತ್ತಾನೆ. ಅದೇ ನಮಗೆ ಬೇಕಾದದ್ದು. ಮಾತನ್ನು ಬಾಯಿಪಾಠ ಮಾಡಿ, ಎದ್ದು ನಿಂತು, ಕೈಕಾಲು ಆಡಿಸುತ್ತಾ ಮೂರು ಸಲ ಆಡಿ. ಆಮೇಲೆ ಒಂದೊಂದು ಮಾತನ್ನೂ ಬೇರೆ ಬೇರೆ ತುಂಡು ಮಾಡಿ ಟೈಮ್‌ಲೈನ್‌ನಲ್ಲಿ ಇಡಿ. `sc02_sh03_tk2.wav` ಅಂತ ದೃಶ್ಯ, ಶಾಟ್, ಟೇಕ್ ಗೊತ್ತಾಗುವ ಹೆಸರು ಕೊಟ್ಟರೆ ಮುಂದೆ ಹುಡುಕಾಟ ತಪ್ಪುತ್ತದೆ. ತುಂಡು ಮಾಡುವುದು ಯಾಕಂದರೆ, ನಾವು ಮುಂದೆ ಹಿಗ್ಗಿಸಿ ಕುಗ್ಗಿಸುವುದು ಮಾತನ್ನಲ್ಲ, ಮಾತುಗಳ ನಡುವಿನ ಖಾಲಿ ಜಾಗವನ್ನು.

ಚಿತ್ರ ಹಾಕುವ ಮುಂಚೆ, ಬರೀ ಸದ್ದನ್ನು ಕಣ್ಣು ಮುಚ್ಚಿ ಕೇಳಿ, ರೇಡಿಯೋ ನಾಟಕದ ಹಾಗೆ. ಬಾಗಿಲು, ಹೆಜ್ಜೆ, ಬಿದ್ದು ಒಡೆಯುವ ಸದ್ದು, ಕಥೆಗೆ ಬೇಕಾದ ಇಂಥ ಸದ್ದುಗಳನ್ನಷ್ಟೇ ಸೇರಿಸಿ. ಸಂಗೀತ ಈಗಲೇ ಬೇಡ. ಒಳ್ಳೆಯ ಹಾಡು ಎಂಥಾ ಜೋಲುಬಿದ್ದ ದೃಶ್ಯವನ್ನೂ ಮುಚ್ಚಿಬಿಡುತ್ತದೆ. ಅದನ್ನು ತೆಗೆದ ದಿನ ಬಣ್ಣ ಬಯಲಾಗುತ್ತದೆ.

ಈಗ ಒಂದು ಪುಟ್ಟ ದೃಶ್ಯ ತೆಗೆದುಕೊಂಡು ನೋಡೋಣ. ತಮ್ಮ ಹೂಕುಂಡ ಒಡೆದಿದ್ದಾನೆ. ಅಕ್ಕ ಬರುತ್ತಾಳೆ. ಐದು ಶಾಟ್. ನೆಲದ ಮೇಲೆ ಚೂರುಗಳು, ಹೆಜ್ಜೆ ಸದ್ದು. ಅಕ್ಕನ ಮುಖ: "ಇದನ್ನ ಯಾರೋ ಒಡೆದಿದ್ದು?" ತಮ್ಮನ ಮುಖ, ಸ್ವಲ್ಪ ಮೌನ, ಆಮೇಲೆ "ಬೆಕ್ಕು." ಬೆಕ್ಕು, ಗಾಢ ನಿದ್ದೆಯಲ್ಲಿ. ಮತ್ತೆ ಅಕ್ಕ: "ಅದು ಬೆಳಗ್ಗಿಂದ ಎದ್ದೇ ಇಲ್ವಲ್ಲೋ!"

ಮೊದಲ ಸಲ ಇದಕ್ಕೆ ಹಾಕಿದ ಅಳತೆ ಹೀಗಿತ್ತು ಅಂದುಕೊಳ್ಳಿ. ಚೂರುಗಳು 48 ಫ್ರೇಮ್. ಅಕ್ಕನ ಪ್ರಶ್ನೆ 36. ತಮ್ಮ 36, ಅದರಲ್ಲಿ 24 ಮೌನ, 12 ಮಾತು. ಬೆಕ್ಕು 24. ಅಕ್ಕನ ಉತ್ತರ 48. ಒಟ್ಟು 192 ಫ್ರೇಮ್, ಸರಿಯಾಗಿ 8 ಸೆಕೆಂಡು. ಕಾಗದದ ಮೇಲೆ ಏನೂ ತಪ್ಪಿಲ್ಲ. ಆದರೆ ತೋರಿಸಿದರೆ ಯಾರೂ ನಗುವುದಿಲ್ಲ.

ಯಾಕೆ? ತಮ್ಮನ ಮೌನ ಒಂದು ಸೆಕೆಂಡು ಇದೆ ನಿಜ, ಆದರೆ ಅಲ್ಲಿ ಒಂದೇ ಚಿತ್ರ. ಏನೂ ನಡೆಯುತ್ತಿಲ್ಲ. ಅವನು ಸುಳ್ಳು ಹುಡುಕುತ್ತಿದ್ದಾನೆ ಅನ್ನೋದು ನೋಡುವವರಿಗೆ ಕಾಣಬೇಕು. ಇಂಥ ಕಡೆ ಚಿತ್ರವನ್ನು ಎಳೆಯುವುದಲ್ಲ, ಇನ್ನೊಂದೆರಡು ಚಿತ್ರ ಸೇರಿಸಬೇಕು. ಅಕ್ಕನನ್ನು ನೋಡುತ್ತಾನೆ, 20 ಫ್ರೇಮ್. ಕಣ್ಣು ಪಕ್ಕಕ್ಕೆ ಜಾರುತ್ತದೆ, 14. ಮತ್ತೆ ಅಕ್ಕನ ಕಡೆಗೆ, 14. "ಬೆಕ್ಕು," 12. ಒಟ್ಟು 60. ಒರಟು ಗೆರೆಯ ಎರಡು ಮುಖ ಹೆಚ್ಚಿಗೆ ಬರೆದದ್ದು ಅಷ್ಟೇ.

ಬೆಕ್ಕಿನದು ಬೇರೆ ತೊಂದರೆ. 24 ಫ್ರೇಮ್‌ನಲ್ಲಿ ನೋಡುವವರು ಬೆಕ್ಕನ್ನು ಗುರುತಿಸಬೇಕು, ಅದು ಮಲಗಿದೆ ಅಂತ ತಿಳಿಯಬೇಕು, "ಹಾಗಾದರೆ ಇವನು ಸುಳ್ಳು ಹೇಳಿದ" ಅಂತ ಜೋಡಿಸಬೇಕು. ಇಷ್ಟಕ್ಕೆ ಸಮಯ ಸಾಲದು. ನೇರವಾಗಿ ಎಳೆದರೆ ಮತ್ತೆ ಜೋಲು ಬೀಳುತ್ತದೆ. ಅದಕ್ಕೆ ಚಿತ್ರವನ್ನು 42 ಫ್ರೇಮ್ ಮಾಡಿ, ಕೊನೆಯ 12 ಫ್ರೇಮ್‌ನಲ್ಲಿ ಅಕ್ಕನ ಮಾತನ್ನು ಬೆಕ್ಕಿನ ಮೇಲೆಯೇ ಶುರುಮಾಡಿ. ಮಾತು ಮುಂದೆ, ಅವಳ ಮುಖ ಹಿಂದೆ. ಅವಳ ಶಾಟ್ ಆಗ 36ಕ್ಕೆ ಇಳಿಯುತ್ತದೆ. ಮೊದಲಿನ ಚೂರುಗಳಿಗೆ 48 ಯಾಕೆ? ಒಡೆದ ಕುಂಡ ಕಂಡ ಕೂಡಲೇ ಗೊತ್ತಾಗುತ್ತದೆ, 30 ಸಾಕು.

ಈಗ ಕೂಡಿಸಿ: 30, 36, 60, 42, 36. ಒಟ್ಟು 204 ಫ್ರೇಮ್, ಎಂಟೂವರೆ ಸೆಕೆಂಡು. ಬದಲಾದದ್ದು ಬರೀ ಅರ್ಧ ಸೆಕೆಂಡು. ಆದರೆ ಸಮಯ ಕೂತ ಜಾಗ ಬೇರೆ. "ನನ್ನ ಸಿನಿಮಾ ನಿಧಾನ" ಅಂತ ಎಲ್ಲ ಶಾಟನ್ನೂ ಒಂದೇ ಸಮ ಕತ್ತರಿಸುವವರು ಈ ಅರ್ಧ ಸೆಕೆಂಡನ್ನು ಎಂದೂ ಕಂಡುಕೊಳ್ಳುವುದಿಲ್ಲ.

ಅನಿಮ್ಯಾಟಿಕ್ ಸುಳ್ಳು ಹೇಳುವ ಜಾಗವೂ ಒಂದಿದೆ. ಇದೇ ದೃಶ್ಯಕ್ಕೆ ಮುಂಚೆ ತಮ್ಮ ಎದ್ದು, ತಿರುಗಿ, ಓಡಿ, ಪರದೆ ಹಿಂದೆ ಅಡಗಲು ನೋಡುತ್ತಾನೆ ಅಂದುಕೊಳ್ಳಿ. ಸ್ಟೋರಿಬೋರ್ಡ್‌ನಲ್ಲಿ ಎರಡೇ ಚಿತ್ರ: ಕೂತಿದ್ದಾನೆ, ಪರದೆ ಹಿಂದೆ ಇದ್ದಾನೆ. ಒಂದು ಸೆಕೆಂಡು ಕೊಟ್ಟರೂ ಚೆನ್ನಾಗಿ ಓಡುತ್ತದೆ, ಯಾಕಂದರೆ ನಡುವಿನ ಓಟವನ್ನು ನೋಡುವವರ ತಲೆಯೇ ತುಂಬಿಕೊಳ್ಳುತ್ತದೆ. ಚಿತ್ರ ಬಿಡಿಸಲು ಕೂತಾಗ ಆ 24 ಫ್ರೇಮ್‌ನಲ್ಲಿ ಹುಡುಗ ಎದ್ದೇಳುವುದೂ ಕಷ್ಟ. ನಾನು ಒಮ್ಮೆ ಇಂಥ ಏಳೆಂಟು ಶಾಟ್ ಬಿಟ್ಟುಕೊಂಡು, ಕೊನೆಗೆ ಸಿನಿಮಾನೇ ಉದ್ದವಾಗಿ, ಕೂಡಿಸಿಟ್ಟ ಸಂಗೀತವೆಲ್ಲ ಹಾಳಾಗಿತ್ತು. ಚಲನೆ ಇರುವ ಪ್ರತಿ ಶಾಟನ್ನೂ ನೀವೇ ಎದ್ದು ಆಡಿ, ಸ್ಟಾಪ್‌ವಾಚ್ ಹಿಡಿದು ಅಳೆಯಿರಿ. ಅನಿಮೇಷನ್‌ನಲ್ಲಿ ಓಟ ನಿಜಕ್ಕಿಂತ ಚುರುಕಾಗಿರಬಹುದು, ಆದರೆ ಮೂರು ಸೆಕೆಂಡಿನದನ್ನು ಒಂದಕ್ಕೆ ತರಲು ಆಗುವುದಿಲ್ಲ. ಇದಕ್ಕೆ ಉಲ್ಟಾ, ಮಾತಿಲ್ಲದ ನಿಂತ ಮುಖ ಅನಿಮ್ಯಾಟಿಕ್‌ನಲ್ಲಿ ಉದ್ದ ಅನ್ನಿಸುತ್ತದೆ. ಮುಂದೆ ಅಲ್ಲಿ ಕಣ್ಣು ಮಿಟುಕುತ್ತದೆ, ಉಸಿರಾಡುತ್ತದೆ, ಆಗ ಅಷ್ಟೇ ಹೊತ್ತು ಹಿತವಾಗಿರುತ್ತದೆ. ಅಂಥ ಕಡೆ ಕತ್ತರಿ ಸ್ವಲ್ಪ ತಡೆಯಿರಿ.

ತೋರಿಸುವ ಹೊತ್ತಿಗೆ ಚಿತ್ರದ ಮೂಲೆಯಲ್ಲಿ ಶಾಟ್ ನಂಬರ್ ಮತ್ತು ಟೈಮ್‌ಕೋಡ್ ಕಾಣುವಂತೆ ಇಡಿ. ಕಥೆ ಗೊತ್ತಿಲ್ಲದ ಮೂವರಿಗೆ, ಒಬ್ಬೊಬ್ಬರಿಗೇ ತೋರಿಸಿ. ಮುನ್ನುಡಿ ಬೇಡ, "ಇದು ಒರಟು ಚಿತ್ರ ಅಷ್ಟೇ" ಅನ್ನುವುದು ಬಿಟ್ಟರೆ. ನೀವು ತೆರೆ ನೋಡಬೇಡಿ, ಅವರ ಮುಖ ನೋಡಿ. ಕಣ್ಣು ಎಲ್ಲಿ ಅಲೆಯಿತು, ನಗು ಎಲ್ಲಿ ಬಂತು, ಎಲ್ಲಿ ತಡವಾಗಿ ಬಂತು, ಆ ಟೈಮ್‌ಕೋಡ್ ಬರೆದುಕೊಳ್ಳಿ. "ನಿಧಾನ ಅನ್ನಿಸ್ತಾ?" ಅಂತ ಕೇಳಿದರೆ ಹೌದು ಅಂತಲೇ ಅಂದುಬಿಡುತ್ತಾರೆ. "ಏನಾಯ್ತು ಹೇಳಿ" ಅಂತ ಕೇಳಿ. ಅವರು ಬೆಕ್ಕನ್ನು ಬಿಟ್ಟು ಕಥೆ ಹೇಳಿದರೆ ಬೆಕ್ಕಿಗೆ ಸಮಯ ಸಾಲಲಿಲ್ಲ ಅಂತ ಅರ್ಥ. ಇನ್ನು ಬೇಸರ ಕಂಡ ಜಾಗವೇ ತಪ್ಪಿನ ಜಾಗ ಅಂತ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದಕ್ಕಿಂತ ಎರಡು ಮೂರು ಶಾಟ್ ಹಿಂದೆಯೇ ಹಿಡಿತ ತಪ್ಪಿರುತ್ತದೆ.

ಬೇರೆಯವರ ಕಣ್ಣು ಬೇಕಾಗುವುದಕ್ಕೆ ಕಾರಣ, ನಿಮಗೆ ಪ್ರತಿ ಚಿತ್ರವೂ ಬಾಯಿಪಾಠ. ಐವತ್ತು ಸಲ ನೋಡಿದ ಮೇಲೆ ಎಲ್ಲವೂ ನಿಧಾನ ಅನ್ನಿಸಿ, ಬೇಕಾದದ್ದನ್ನೂ ಕತ್ತರಿಸಿಬಿಡುತ್ತೀರಿ. ಚೆನ್ನಾಗಿ ಬಂದ ಚಿತ್ರವನ್ನು ಮಾತ್ರ ಪ್ರೀತಿಯಿಂದ ಉದ್ದ ಬಿಡುತ್ತೀರಿ. ನಾನೂ ಹಾಗೇ. ಈಗ ಕತ್ತರಿಸುವುದಕ್ಕೆ ಖರ್ಚಿಲ್ಲ ಅನ್ನೋದೂ ನೆನಪಿರಲಿ. ಎರಡು ಫ್ರೇಮ್‌ಗೆ ಒಂದು ಚಿತ್ರ ಅಂತ ಬಿಡಿಸಿದರೂ ಸೆಕೆಂಡಿಗೆ 12 ಚಿತ್ರ. 15 ಸೆಕೆಂಡು ಈಗ ಹೋದರೆ 180 ಚಿತ್ರ ಉಳಿದಂತೆ, ಅದೂ ತೆರೆಯ ಮೇಲೆ ಒಂದೇ ಪಾತ್ರ ಇದ್ದರೆ.

ಕೊನೆಯದಾಗಿ, ಈ ತಾತ್ಕಾಲಿಕ ದನಿಗೆ ಬಾಯಿ ಚಲನೆ ಬಿಡಿಸಬೇಡಿ. ಕಲಾವಿದರು ಬಂದಾಗ ಅವರಿಗೆ ನಿಮ್ಮ ದನಿ ಕೇಳಿಸಿ "ಹೀಗೇ ಹೇಳಿ" ಅನ್ನಲೂ ಬೇಡಿ. ನಿಮ್ಮ ಕಿವಿ ಹಳೆಯದಕ್ಕೆ ಒಗ್ಗಿಹೋಗಿರುತ್ತದೆ, ಹೊಸದು ಎಷ್ಟು ಚೆನ್ನಾಗಿದ್ದರೂ ಎರಡು ದಿನ ತಪ್ಪು ಅಂತಲೇ ಕೇಳಿಸುತ್ತದೆ. ಅವರ ಮಾತಿನ ಅಳತೆ ಬೇರೆ ಇದ್ದೇ ಇರುತ್ತದೆ. ನಮ್ಮ ಅಕ್ಕನ ಕೊನೆಯ ಮಾತು 48 ಫ್ರೇಮ್ ಇದ್ದದ್ದು 60 ಆಯಿತು ಅನ್ನಿ. ಆ 12 ಫ್ರೇಮನ್ನು ಬೆಕ್ಕಿನ ಮೌನದಿಂದ ಕದಿಯಬೇಡಿ, ಅಲ್ಲೇ ನಗು ಇರುವುದು. ಅವಳ ಶಾಟನ್ನೇ 36ರಿಂದ 48ಕ್ಕೆ ಬಿಡಿ. ದೃಶ್ಯ 9 ಸೆಕೆಂಡು ಆಗುತ್ತದೆ. ಮತ್ತೊಮ್ಮೆ ಒಬ್ಬರಿಗೆ ತೋರಿಸಿ, ಸರಿ ಅನ್ನಿಸಿದರೆ ಟೈಮ್‌ಲೈನ್‌ಗೆ ಬೀಗ ಹಾಕಿ ಪೆನ್ಸಿಲ್ ಹಿಡಿಯಿರಿ.