ಹೊರಗೆ ಸ್ಟೀರಿಯೋ ಹಾಕಿಸಿದರೆ ಹೊಸ ಕಾರಿನ ವಾರಂಟಿ ಹೋಗುತ್ತಾ?

ಓದುಗರ ಪ್ರಶ್ನೆ: "ಎರಡು ಕಾರು ನೋಡಿಟ್ಟಿದ್ದೇನೆ ಸರ್. ಒಂದಕ್ಕೆ 3 ವರ್ಷ, ಅನ್‌ಲಿಮಿಟೆಡ್ ಕಿಲೋಮೀಟರ್. ಇನ್ನೊಂದಕ್ಕೆ 3 ವರ್ಷ ಅಥವಾ 1 ಲಕ್ಷ ಕಿ.ಮೀ. ಯಾವುದರ ವಾರಂಟಿ ಒಳ್ಳೇದು? ಮತ್ತೆ, ಹೊರಗಡೆ ಸ್ಟೀರಿಯೋ, ರಿವರ್ಸ್ ಕ್ಯಾಮೆರಾ ಹಾಕಿಸಿದರೆ ಇಡೀ ವಾರಂಟಿ ಕ್ಯಾನ್ಸಲ್ ಅಂತಾರಲ್ಲ, ನಿಜಾನಾ?"

ಮೊದಲನೇದಕ್ಕೆ ಉತ್ತರ ಸುಲಭ. ವರ್ಷ ಮತ್ತು ಕಿಲೋಮೀಟರ್, ಎರಡರಲ್ಲಿ ಯಾವುದು ಮೊದಲು ಮುಗಿಯುತ್ತೋ ಅಲ್ಲಿಗೆ ವಾರಂಟಿ ಮುಗೀತು. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರಿಗೆ ಮೂರು ವರ್ಷಕ್ಕೆ 36,000 ಆಗುತ್ತೆ, ಅವರಿಗೆ ಅನ್‌ಲಿಮಿಟೆಡ್‌ನಿಂದ ಒಂದು ರೂಪಾಯಿ ಲಾಭವೂ ಇಲ್ಲ. ಆದರೆ ಪ್ರತಿ ವಾರ ಬೆಂಗಳೂರಿಂದ ಹುಬ್ಬಳ್ಳಿಗೆ ಹೋಗಿ ಬರುವವರ ಲೆಕ್ಕ ಬೇರೆ. ಹೋಗಿ ಬರೋದಕ್ಕೆ ಸುಮಾರು 820 ಕಿ.ಮೀ., ವರ್ಷಕ್ಕೆ 50 ವಾರ ಅಂದರೆ 41,000. ಒಂದು ಲಕ್ಷ ಎರಡೂವರೆ ವರ್ಷದೊಳಗೇ ಖಾಲಿ. ನೀವು ಇದರಲ್ಲಿ ಯಾರು ಅಂತ ನೋಡಿಕೊಳ್ಳಿ, ಅಷ್ಟೇ.

ಈಗ ಎರಡನೇದು. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ಲೆಕ್ಕ ತಪ್ಪಿದೆ. ಆದರೂ ಶೋರೂಮ್‌ನಲ್ಲಿ ಯಾರೋ ಹೇಳುತ್ತಾರೆ, ಭಾವ ಹೇಳುತ್ತಾರೆ, ಪಕ್ಕದ ಮನೆಯವರು ಹೇಳುತ್ತಾರೆ, ಮತ್ತೆ ಅದೇ ಪ್ರಶ್ನೆ ಬರುತ್ತೆ.

ಇಲ್ಲ. ಇಡೀ ವಾರಂಟಿ ಹೋಗಲ್ಲ.

ನಿಮ್ಮ ಗ್ಲೋವ್ ಬಾಕ್ಸ್‌ನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದ ವಾರಂಟಿ ಪುಸ್ತಕ ಇದೆಯಲ್ಲ, ಅದನ್ನ ಒಂದು ಸಲ ಓದಿ. ಹೊರಗಿನ ಫಿಟ್ಟಿಂಗ್ ವಿಷಯದಲ್ಲಿ ಸಾಮಾನ್ಯವಾಗಿ ಇರುವ ಮಾತು ಇಷ್ಟೇ: ಗಾಡಿಯನ್ನ ಬದಲಾಯಿಸಿದ್ದರಿಂದ, ಕಂಪನಿಯದಲ್ಲದ ಭಾಗ ಹಾಕಿದ್ದರಿಂದ ಯಾವುದು ಕೆಟ್ಟಿತೋ ಅದಕ್ಕೆ ವಾರಂಟಿ ಇಲ್ಲ. ಆ "ಇದರಿಂದ" ಅನ್ನೋದೇ ಮುಖ್ಯ. ಸ್ಟೀರಿಯೋದವನು ವೈರ್ ಕತ್ತರಿಸಿ, ಕೈಯಲ್ಲಿ ತಿರುಚಿ, ಟೇಪ್ ಸುತ್ತಿದ್ದಾನೆ, ಆಮೇಲೆ ಪವರ್ ವಿಂಡೋ ಕೆಲಸ ಮಾಡ್ತಿಲ್ಲ ಅಂತ ನೀವು ಹೋದರೆ ಸರ್ವಿಸ್‌ನವರು ಮೊದಲು ನೋಡೋದು ಆ ಟೇಪನ್ನೇ. ಶಾರ್ಟ್ ಆಗಿ ಕಂಟ್ರೋಲ್ ಮಾಡ್ಯೂಲ್ ಸುಟ್ಟಿದ್ದರೆ ಅವರು ಕೊಡಲ್ಲ ಅನ್ನೋದು ನ್ಯಾಯವೇ. ಹೆಡ್‌ಲೈಟ್ ಕಥೆಯೂ ಹಾಗೇ. 60/55 ವ್ಯಾಟ್ ಬಲ್ಬ್ ಇರೋ ಜಾಗಕ್ಕೆ ರಿಲೇ ಕೂಡ ಇಲ್ಲದೆ 100/90 ಹಾಕಿಸಿ, ಹೋಲ್ಡರ್ ಕರಗಿದ ಮೇಲೆ ಕಂಪನಿ ಮೇಲೆ ಜಗಳ ಆಡಿದರೆ ಯಾರು ಕೇಳುತ್ತಾರೆ?

ಆದರೆ ಅದೇ ಕಾರಿನ ಗೇರ್ ಬಾಕ್ಸ್ ಬೇರಿಂಗ್ ಸದ್ದು ಮಾಡ್ತಾ ಇದ್ದರೆ? ಸ್ಟೀರಿಯೋಗೂ ಬೇರಿಂಗ್‌ಗೂ ಏನು ಸಂಬಂಧ? ಏನೂ ಇಲ್ಲ. ವಾರಂಟಿ ಹಾಗೇ ಇರುತ್ತೆ.

ಮತ್ತೆ ಈ ಮಾತು ಯಾಕೆ ಸಾಯಲ್ಲ ಅಂದರೆ, ಇದರಿಂದ ಡೀಲರ್‌ಗೆ ಲಾಭ ಇದೆ. ಒಂದು, ಆಕ್ಸೆಸರಿ ಅವನೇ ಮಾರಬಹುದು. ಎರಡನೇದು ಜನಕ್ಕೆ ಗೊತ್ತಿಲ್ಲ: ವಾರಂಟಿ ಕೆಲಸಕ್ಕೆ ದುಡ್ಡು ಕೊಡೋದು ಕಂಪನಿ. ಡೀಲರ್ ರಿಪೇರಿ ಮಾಡಿ, ಫೋಟೋ ಸಮೇತ ಕ್ಲೇಮ್ ಕಳಿಸಬೇಕು. ಕಂಪನಿ ಒಪ್ಪದಿದ್ದರೆ ನಷ್ಟ ಅವನದು. ಹಾಗಾಗಿ ಸ್ವಲ್ಪ ಅನುಮಾನ ಬಂದರೂ "ಆಗಲ್ಲ ಸರ್" ಅನ್ನೋದು ಅವನಿಗೆ ಸುಲಭ. ಅದಕ್ಕೇ ಬಾಯಿಮಾತಿನ ಉತ್ತರ ತಗೊಂಡು ಮನೆಗೆ ಬರಬೇಡಿ. ಯಾವ ಭಾಗ, ಯಾವ ಕಾರಣ, ಪುಸ್ತಕದ ಯಾವ ಶರತ್ತು, ಇಷ್ಟನ್ನೂ ಜಾಬ್ ಕಾರ್ಡ್ ಮೇಲೆ ಬರೆದುಕೊಡಿ ಅಂತ ಕೇಳಿ. ಬರೆಯೋ ಹೊತ್ತಿಗೆ ಎಷ್ಟೋ ಸಲ ಉತ್ತರ ಬದಲಾಗುತ್ತೆ. ಬದಲಾಗದಿದ್ದರೆ ಆ ಕಾಗದವನ್ನೇ ಕಂಪನಿಗೆ ಮೇಲ್ ಮಾಡಬಹುದು, ಗ್ರಾಹಕರ ಆಯೋಗಕ್ಕೂ ಅದೇ ಸಾಕ್ಷಿ.

ಹೊರಗೆ ಸರ್ವಿಸ್ ಮಾಡಿಸಿದರೆ ಅನ್ನೋರಿಗೂ ಹೇಳಿಬಿಡ್ತೀನಿ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ರದ್ದು ಅನ್ನೋ ಶರತ್ತು ಹಾಕಬಾರದು, ಹೊರಗಿನ ತಪ್ಪು ಕೆಲಸದಿಂದ ಎಷ್ಟು ಹಾನಿ ಆಯಿತೋ ಅಷ್ಟಕ್ಕೆ ಮಾತ್ರ ಇಲ್ಲ ಅನ್ನಬಹುದು ಅಂತ ಆದೇಶದಲ್ಲೇ ಇತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ಹಾಗಾಗಿ ಆ ಆದೇಶ ಹಿಡಿದುಕೊಂಡು ಕೌಂಟರ್ ಮುಂದೆ ಧೈರ್ಯ ಮಾಡಬೇಡಿ. ವಾರಂಟಿ ಇರೋವರೆಗೆ ಪೀರಿಯಾಡಿಕ್ ಸರ್ವಿಸ್ ಕಂಪನಿಯಲ್ಲೇ ಮಾಡಿಸಿ, ಬಿಲ್ ಇಟ್ಟುಕೊಳ್ಳಿ. ಪಂಕ್ಚರ್, ಸೀಟ್ ಕವರ್, ಡೆಂಟು-ಪೇಂಟು ಎಲ್ಲಿ ಬೇಕಾದರೂ ಮಾಡಿಸಿ, ಆದರೆ ಹೊರಗೆ ಹೊಡೆಸಿದ ಪೇಂಟಿಗೆ ಕಂಪನಿ ಜವಾಬ್ದಾರಿ ಅಲ್ಲ.

ನಿಜವಾಗಿ ಜನ ಕ್ಲೇಮ್ ಕಳೆದುಕೊಳ್ಳೋದು ಸ್ಟೀರಿಯೋದಿಂದಲ್ಲ, ಸರ್ವಿಸ್ ತಪ್ಪಿಸಿ. "10,000 ಕಿ.ಮೀ. ಅಥವಾ ಒಂದು ವರ್ಷ" ಅಂತ ಇದ್ದರೆ, "ಗಾಡಿ ಓಡೇ ಇಲ್ಲ, ಬರೀ ನಾಲ್ಕು ಸಾವಿರ" ಅಂತ ಸುಮ್ನೆ ಇದ್ದುಬಿಡುತ್ತಾರೆ. ವರ್ಷ ದಾಟಿದರೆ ಸರ್ವಿಸ್ ತಪ್ಪಿದ ಹಾಗೇ ಲೆಕ್ಕ. ಮೀಟರ್ ತಿರುಗಿಸಿದರೆ ಅಥವಾ ರೇಸಿಗೆ ಬಿಟ್ಟರೆ ಏನಾಗುತ್ತೆ ಅಂತ ನಾನು ಹೇಳಬೇಕಾ?

ಇನ್ನು ಸವೆಯುವ ಭಾಗಗಳು. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ಬ್ಲೇಡ್, ಬಲ್ಬ್, ಫಿಲ್ಟರ್, ಇವು ಸವೆದರೆ ದುಡ್ಡು ನಿಮ್ಮದೇ, ಯಾವ ಕಂಪನಿ ಆದರೂ. ಟೈರ್ ಮತ್ತು ಬ್ಯಾಟರಿಗೆ ಅವನ್ನ ತಯಾರಿಸಿದ ಕಂಪನಿಯ ವಾರಂಟಿ ಬೇರೆಯೇ ಇರುತ್ತೆ. ಜಗಳ ಹುಟ್ಟೋದು ಕ್ಲಚ್‌ನಲ್ಲಿ. 18,000 ಕಿ.ಮೀ.ಗೇ ಕ್ಲಚ್ ಸ್ಲಿಪ್ ಆಗ್ತಿದೆ ಅನ್ನಿ. ಅಡ್ವೈಸರ್ "ಸವೆಯೋ ಐಟಂ ಸರ್" ಅಂತ ಅಲ್ಲೇ ಮುಗಿಸಿಬಿಡ್ತಾನೆ. ಬಿಚ್ಚಿದ ಪ್ಲೇಟನ್ನ ಕಣ್ಣಾರೆ ನೋಡಿ. ಲೈನಿಂಗ್ ರಿವೆಟ್‌ವರೆಗೆ ಸವೆದು, ಫ್ಲೈವೀಲ್ ಮೇಲೆ ನೀಲಿ ಕಲೆ ಬಿದ್ದಿದ್ದರೆ ಅದು ಹಾಫ್ ಕ್ಲಚ್ ಒತ್ತಿಕೊಂಡು ಓಡಿಸಿದ ಗುರುತು, ಸಿಲ್ಕ್ ಬೋರ್ಡ್ ಟ್ರಾಫಿಕ್‌ಗೆ ಬೈದುಕೊಂಡು ದುಡ್ಡು ಕಟ್ಟಿ. ಆದರೆ ಲೈನಿಂಗ್ ದಪ್ಪವಾಗೇ ಇದ್ದು, ಪ್ಲೇಟ್ ಎಣ್ಣೆಯಲ್ಲಿ ನೆನೆದಿದ್ದರೆ ಕಥೆ ಬೇರೆ. ಇಂಜಿನ್ ಹಿಂದಿನ ಆಯಿಲ್ ಸೀಲ್ ಸೋರಿ ಪ್ಲೇಟ್ ಹಾಳಾಗಿರಬಹುದು. ಸೀಲ್ ಹಾಗೆ ಸೋರಬಾರದು, ಅದು ದೋಷ. ಅದರಿಂದ ಹಾಳಾದ ಪ್ಲೇಟನ್ನೂ ವಾರಂಟಿಯಲ್ಲೇ ಕೊಡಿ ಅಂತ ಗಟ್ಟಿಯಾಗಿ ಕೇಳಿ. ಡ್ಯಾಂಪರ್ ಸ್ಪ್ರಿಂಗ್ ಮುರಿದಿದ್ದರೂ ಅಷ್ಟೇ, ಅದು ಸವೆತ ಅಲ್ಲ, ಮುರಿತ. ಬಿಚ್ಚೋ ಮೊದಲೇ ಇನ್ನೊಂದು ಕೇಳಿ: ಕ್ಲೇಮ್ ಆಗದಿದ್ದರೆ ಗೇರ್ ಬಾಕ್ಸ್ ಇಳಿಸಿದ ಲೇಬರ್ ಎಷ್ಟು, ಯಾರು ಕೊಡಬೇಕು?

ಯಾರೂ ಕೇಳಿಲ್ಲ, ಆದರೂ ಮಳೆಗಾಲ ಅಂತ ಹೇಳ್ತೀನಿ. ಅಂಡರ್‌ಪಾಸ್ ನೀರಲ್ಲಿ ಇಂಜಿನ್ ಬಂದ್ ಆದರೆ ಅದಕ್ಕೆ ವಾರಂಟಿ ಇಲ್ಲ, ಅದು ತಯಾರಿಕೆಯ ದೋಷ ಅಲ್ಲವಲ್ಲ. ಮಾಮೂಲಿ ಇನ್ಶೂರೆನ್ಸ್ ಕೂಡ ಇಂಜಿನ್ ಒಳಗಿನ ಹಾನಿಗೆ ಸಾಮಾನ್ಯವಾಗಿ ಕೊಡಲ್ಲ. ಇಂಜಿನ್ ಪ್ರೊಟೆಕ್ಟ್ ಅನ್ನೋ ಆ್ಯಡ್-ಆನ್ ಬೇಕು. ಮತ್ತೆ, ನೀರಲ್ಲಿ ನಿಂತ ಗಾಡಿಗೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರ್ ಒಳಗಿನ ನೀರು ಗಾಳಿಯ ಹಾಗೆ ಅದುಮಿಕೊಳ್ಳಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ, ಆಮೇಲೆ ಸರ್ವೇಯರ್ ಮೊದಲು ಕೇಳೋದೇ "ಮತ್ತೆ ಸ್ಟಾರ್ಟ್ ಮಾಡೋಕೆ ನೋಡಿದ್ರಾ?" ಅಂತ. ಗಾಡಿಯನ್ನ ತಳ್ಳಿ ಆಚೆ ತನ್ನಿ, ಟೋ ಮಾಡಿಸಿ.